ಎಲ್ಲಕ್ಕೂ ‘ಇದೆ’ ಎನ್ನುವ ಕಂಪನಿಗಳಿಗೆ ಒಂದು ಪತ್ರ

ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಕೊಳ್ಳುವ ಕೆಲಸ ಸಾಮಾನ್ಯವಾಗಿ ಒಂದು ಎಕ್ಸೆಲ್ ಹಾಳೆಯಿಂದ ಶುರುವಾಗುತ್ತದೆ. ಓಪಿಡಿ ಕೌಂಟರ್, ವಾರ್ಡು, ಲ್ಯಾಬ್, ಫಾರ್ಮಸಿ, ಸ್ಟೋರ್ಸ್, ಅಕೌಂಟ್ಸ್ ಹೀಗೆ ಒಂದೊಂದೇ ವಿಭಾಗದವರನ್ನು ಕೂರಿಸಿಕೊಂಡು ‘ನಿಮಗೇನು ಬೇಕು’ ಎಂದು ಕೇಳುತ್ತಾರೆ. ಹೇಳಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುತ್ತಾರೆ. ಇನ್ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಈ ಪಟ್ಟಿ ಆರೇಳು ನೂರು ಸಾಲು ಮುಟ್ಟುವುದು ವಿಶೇಷವೇನಲ್ಲ. ಇಷ್ಟೂ ವಿಭಾಗಗಳ ಕೆಲಸವನ್ನು ಒಂದೇ ಕಡೆ ಜೋಡಿಸಿ, ವಾರ್ಡಿನಲ್ಲಿ ಕೊಟ್ಟ ಇಂಜೆಕ್ಷನ್ ಸ್ಟೋರ್ಸಿನ ದಾಸ್ತಾನಿನಿಂದ ತಾನಾಗಿ ಕಳೆದು ರೋಗಿಯ ಬಿಲ್ಲಿಗೆ ತಾನಾಗಿ ಸೇರುವಂತೆ ಮಾಡುವ ಸಾಫ್ಟ್‌ವೇರನ್ನೇ ಇಆರ್‌ಪಿ ಎನ್ನುವುದು. ಪಟ್ಟಿ ಸಿದ್ಧವಾದ ಮೇಲೆ ಅದು ಐದಾರು ಕಂಪನಿಗಳಿಗೆ ಹೋಗುತ್ತದೆ. ಪ್ರತಿ ಸಾಲಿನ ಮುಂದೆ ‘ಇದೆ’ ಅಥವಾ ‘ಇಲ್ಲ’ ಎಂದು ತುಂಬಲು ಒಂದು ಕಾಲಂ ಬಿಟ್ಟಿರುತ್ತಾರೆ.

ಎರಡು ವಾರದಲ್ಲಿ ಹಾಳೆಗಳು ವಾಪಸ್ ಬರುತ್ತವೆ. ಎಲ್ಲ ಕಂಪನಿಗಳೂ ಹೆಚ್ಚುಕಡಿಮೆ ಎಲ್ಲ ಸಾಲಿಗೂ ‘ಇದೆ’ ಎಂದು ಬರೆದಿರುತ್ತವೆ. ಅಲ್ಲಿಗೆ ಎರಡು ಮೂರು ತಿಂಗಳು ಕೂತು ಬರೆದ ಪಟ್ಟಿಯಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ನೋಡುವ ದಾರಿಯೇ ಮುಚ್ಚಿಹೋಯಿತು. ಉಳಿಯುವುದು ಬೆಲೆ ಮಾತ್ರ. ಕಡಿಮೆ ಬೆಲೆಯವರಿಗೆ ಆರ್ಡರ್ ಹೋಗುತ್ತದೆ.

ಇದರಲ್ಲಿ ಕಂಪನಿಗಳವರ ಸುಳ್ಳು ಸ್ವಲ್ಪ ಇದ್ದೀತು. ಆದರೆ ಪೂರ್ತಿ ಅವರ ತಪ್ಪಲ್ಲ. ‘ಫಾರ್ಮಸಿ ಮತ್ತು ಬಿಲ್ಲಿಂಗ್ ಸೇರಿಕೊಂಡಿರಬೇಕು’ ಎಂಬ ಸಾಲಿಗೆ ಯಾರು ತಾನೆ ಇಲ್ಲ ಎಂದಾರು? ಹಾಳೆಯನ್ನು ತುಂಬುವವನು ಮಾರಾಟ ವಿಭಾಗದ ಹುಡುಗ. ಒಂದು ‘ಇಲ್ಲ’ ಬರೆದರೆ ಮೊದಲ ಸುತ್ತಿನಲ್ಲೇ ಹೊರಗೆ ಬೀಳುತ್ತೇವೆ ಎಂಬ ಭಯ ಅವನಿಗೆ. ಇದೆ ಎಂದು ಬರೆದದ್ದಕ್ಕೆ ಮುಂದೆ ಏನಾದರೂ ಹೊಣೆ ಇದೆಯೆ ಎಂದು ಆಸ್ಪತ್ರೆಯೂ ಎಲ್ಲೂ ಹೇಳಿರುವುದಿಲ್ಲ.

ಹೇಳಬೇಕಾದ ಜಾಗ ಪಟ್ಟಿಯ ಜತೆಗೆ ಹೋಗುವ ಪತ್ರ. ಬಹಳ ಆಸ್ಪತ್ರೆಗಳಲ್ಲಿ ಅದು ಮೂರು ಸಾಲಿನದು: ನಮ್ಮ ಅಗತ್ಯಗಳ ಪಟ್ಟಿ ಲಗತ್ತಿಸಿದೆ, ದಯವಿಟ್ಟು ನಿಮ್ಮ ಅತ್ಯುತ್ತಮ ದರವನ್ನು ಇಂಥ ದಿನಾಂಕದೊಳಗೆ ಕಳಿಸಿ, ವಂದನೆಗಳು. ಪಟ್ಟಿಗೆ ತಿಂಗಳುಗಟ್ಟಲೆ ಕೂತವರು ಪತ್ರಕ್ಕೆ ಹತ್ತು ನಿಮಿಷ ಕೊಡುತ್ತಾರೆ. ನನ್ನ ಮಟ್ಟಿಗೆ, ಪಟ್ಟಿಯ ಕೊನೆಯ ನೂರು ಸಾಲು ಕೈಬಿಟ್ಟರೂ ನಷ್ಟವಿಲ್ಲ. ಪತ್ರಕ್ಕೆ ಎರಡು ಮೂರು ಪುಟವಾದರೂ ಬೇಕು. ಆ ಪುಟಗಳಲ್ಲಿ ಏನಿರಬೇಕು ಎಂದು ನೋಡಲು ಒಂದು ಕಲ್ಪಿತ ಆಸ್ಪತ್ರೆಯನ್ನು ಇಟ್ಟುಕೊಳ್ಳೋಣ. ಜಿಲ್ಲಾ ಕೇಂದ್ರವೊಂದರಲ್ಲಿ ಟ್ರಸ್ಟ್ ನಡೆಸುವ ಇನ್ನೂರು ಹಾಸಿಗೆಯ ಆಸ್ಪತ್ರೆ. ಅರ್ಧದಷ್ಟು ವೈದ್ಯರು ಅಲ್ಲಿಯ ಸಂಬಳದವರು, ಉಳಿದವರು ಹೊರಗಿನಿಂದ ಬಂದುಹೋಗುವ ಕನ್ಸಲ್ಟೆಂಟರು. ಲೆಕ್ಕಪತ್ರ ಟ್ಯಾಲಿಯಲ್ಲಿ, ಬಿಲ್ಲಿಂಗ್ ಊರಿನವರೇ ಯಾರೋ ಬರೆದುಕೊಟ್ಟ ಹಳೆಯ ಸಾಫ್ಟ್‌ವೇರಿನಲ್ಲಿ, ನರ್ಸಿಂಗ್ ಇನ್ನೂ ಪುಸ್ತಕದಲ್ಲಿ.

ಪತ್ರ ಮೊದಲು ಹೇಳಬೇಕಾದ್ದು ತಾನು ಯಾರು ಎಂದು. ಸ್ಥಾಪನೆಯಾದ ವರ್ಷ, ಸಂಸ್ಥಾಪಕರ ಧ್ಯೇಯ, ಪಡೆದ ಪ್ರಶಸ್ತಿಗಳು ಇಲ್ಲಿ ಬೇಡ. ಕಂಪನಿ ಬೆಲೆ ಕಟ್ಟುವುದು ಗಾತ್ರದ ಮೇಲೆ, ಹಾಗಾಗಿ ಗಾತ್ರ ಹೇಳಬೇಕು. ದಿನಕ್ಕೆ ಎಷ್ಟು ಓಪಿಡಿ, ತಿಂಗಳಿಗೆ ಎಷ್ಟು ದಾಖಲಾತಿ, ಎಷ್ಟು ಆಪರೇಷನ್ ಥಿಯೇಟರ್, ಲ್ಯಾಬಿನಲ್ಲಿ ಯಾವ ಯಾವ ಯಂತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಜನ ಏಕಕಾಲಕ್ಕೆ ಸಾಫ್ಟ್‌ವೇರ್ ಬಳಸುತ್ತಾರೆ. ನಮ್ಮ ಆಸ್ಪತ್ರೆಯಲ್ಲಿ ಒಟ್ಟು 300 ಜನಕ್ಕೆ ಲಾಗಿನ್ ಬೇಕು ಎಂದಿಟ್ಟುಕೊಳ್ಳಿ. ನರ್ಸುಗಳದು ಮೂರು ಪಾಳಿ, ಲ್ಯಾಬಿನವರದು ಎರಡು. ಹಾಗಾಗಿ ಬೆಳಿಗ್ಗೆ ಹನ್ನೊಂದರ ಗದ್ದಲದಲ್ಲೂ ಒಟ್ಟಿಗೆ ಕೂತು ಕೆಲಸ ಮಾಡುವವರು 120 ಮೀರುವುದಿಲ್ಲ. ಕೆಲವು ಕಂಪನಿ ಹೆಸರಿಗೊಂದು ಪರವಾನಗಿಯಂತೆ ಹಣ ಕೇಳುತ್ತವೆ, ಕೆಲವು ಏಕಕಾಲದ ಬಳಕೆದಾರರ ಲೆಕ್ಕದಲ್ಲಿ, ಇನ್ನು ಕೆಲವು ಹಾಸಿಗೆಯ ಲೆಕ್ಕದಲ್ಲಿ. ಪತ್ರದಲ್ಲಿ 300 ಮತ್ತು 120 ಎರಡೂ ಇಲ್ಲದಿದ್ದರೆ ಒಬ್ಬರು ಮುನ್ನೂರಕ್ಕೆ, ಇನ್ನೊಬ್ಬರು ಐವತ್ತಕ್ಕೆ ದರ ಕೊಡುತ್ತಾರೆ. ಐವತ್ತರವರು ಅಗ್ಗವಾಗಿ ಕಂಡು ಗೆಲ್ಲುತ್ತಾರೆ. ಅದು ತಿಳಿಯುವುದು ಐವತ್ತೊಂದನೆಯವರಿಗೆ ಲಾಗಿನ್ ಆಗದೆ ಪರದೆಯ ಮೇಲೆ ಸಂದೇಶ ಬಂದ ದಿನ.

ಇದಾದ ಮೇಲೆ ಉತ್ತರಿಸುವ ಬಗೆ. ‘ಇದೆ / ಇಲ್ಲ’ ಕಾಲಂ ಅಳಿಸಿ ಅದರ ಜಾಗದಲ್ಲಿ ಒಂದರಿಂದ ಐದರವರೆಗಿನ ಅಂಕಿಗಳನ್ನು ಇಡುವುದು ಈ ವ್ಯವಹಾರದಲ್ಲಿ ಚೆನ್ನಾಗಿ ಪಳಗಿದ ಉಪಾಯ. ನಮ್ಮ ಪತ್ರ ಹೀಗೆ ಹೇಳಬಹುದು: “1 ಎಂದರೆ ಈಗಲೇ ನಿಮ್ಮ ಸಾಫ್ಟ್‌ವೇರಿನಲ್ಲಿದೆ, ಬೇರೆ ಆಸ್ಪತ್ರೆಯಲ್ಲಿ ನಡೆಯುತ್ತಿರುವುದನ್ನು ತೋರಿಸಬಲ್ಲಿರಿ. 2 ಎಂದರೆ ಕೋಡ್ ಮುಟ್ಟದೆ ಸೆಟ್ಟಿಂಗ್‌ನಲ್ಲೇ ಹೊಂದಿಸಬಹುದು. 3 ಎಂದರೆ ನಮಗಾಗಿ ಹೊಸದಾಗಿ ಬರೆಯಬೇಕು, ಅದಕ್ಕೆ ತಗಲುವ ದಿನ ಮತ್ತು ಹಣವನ್ನು ಅದೇ ಸಾಲಿನಲ್ಲಿ ನಮೂದಿಸಿ. 4 ಎಂದರೆ ಬೇರೆ ಕಂಪನಿಯ ಸಾಫ್ಟ್‌ವೇರ್ ಜೋಡಿಸಬೇಕು, ಅದರ ಹೆಸರು ಮತ್ತು ಬೆಲೆ ತಿಳಿಸಿ. 5 ಎಂದರೆ ಆಗುವುದಿಲ್ಲ. 5 ಬರೆದ ಮಾತ್ರಕ್ಕೆ ಯಾರನ್ನೂ ಹೊರಗಿಡುವುದಿಲ್ಲ. 1 ಎಂದು ಬರೆದದ್ದನ್ನು ಡೆಮೊದಲ್ಲಿ ತೋರಿಸಲಾಗದಿದ್ದರೆ ಅದನ್ನು 5 ಎಂದೇ ಎಣಿಸುತ್ತೇವೆ. ನೀವು ತುಂಬಿದ ಹಾಳೆ ಒಪ್ಪಂದದ ಭಾಗವಾಗುತ್ತದೆ.”

ಕೊನೆಯ ಮೂರು ವಾಕ್ಯಗಳೇ ಪತ್ರದ ಜೀವ. ‘ಇಲ್ಲ’ ಎನ್ನುವುದು ಅಗ್ಗವಾಯಿತು, ‘ಇದೆ’ ಎನ್ನುವುದು ದುಬಾರಿಯಾಯಿತು. ಆ ಹಾಳೆ ಈಗ ಮಾರಾಟದ ಹುಡುಗನ ಮೇಜು ದಾಟಿ ಸಾಫ್ಟ್‌ವೇರ್ ಬರೆಯುವವರ ಮೇಜಿಗೆ ಹೋಗಲೇಬೇಕು. ವಾಪಸ್ ಬಂದಾಗ 3 ಮತ್ತು 4 ಎಲ್ಲಿ ಗುಂಪಾಗಿ ಬಿದ್ದಿವೆ ಎಂದು ಹಾಳೆಯ ಮೇಲೆ ಕಣ್ಣಾಡಿಸಿದರೆ ಸಾಕು. ಒಬ್ಬರಲ್ಲಿ ಅವು ನರ್ಸಿಂಗ್ ಭಾಗದಲ್ಲಿ ತುಂಬಿದ್ದರೆ ಆ ಕಂಪನಿ ಬಿಲ್ಲಿಂಗ್‌ನಿಂದ ಬೆಳೆದು ಬಂದದ್ದು. ಅಕೌಂಟ್ಸ್ ಭಾಗದಲ್ಲಿ ತುಂಬಿದ್ದರೆ ಅವರದು ಹೊರದೇಶದ ವೈದ್ಯಕೀಯ ದಾಖಲೆ ಸಾಫ್ಟ್‌ವೇರ್ ಇರಬಹುದು. ಯಾವ ಸಾಲಿನಲ್ಲೂ 3 ಇಲ್ಲದ ಹಾಳೆ ಬಂದರೆ ಅದನ್ನು ತುಂಬಿದವರು ಪತ್ರ ಓದಿಲ್ಲ.

ಅಂಕಿ ಇಟ್ಟರೂ ಮಸುಕು ಸಾಲು ಮಸುಕಾಗಿಯೇ ಇರುತ್ತದೆ. ‘ಜಿಎಸ್‌ಟಿ ನಿಯಮದಂತೆ ಬಿಲ್ ಆಗಬೇಕು’ ಎಂಬುದು ಅಂಥ ಒಂದು ಸಾಲು. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಆದರೆ 2022ರ ಜುಲೈ 18ರಿಂದ ದಿನಕ್ಕೆ 5,000 ರೂಪಾಯಿ ಮೀರಿದ ರೂಮಿನ ಬಾಡಿಗೆಗೆ ಶೇ. 5 ತೆರಿಗೆ ಇದೆ, ಐಸಿಯುಗೆ ಅದು ಅನ್ವಯಿಸುವುದಿಲ್ಲ. ರೋಗಿ ಎರಡು ದಿನ ಐಸಿಯುನಲ್ಲಿದ್ದು ಮೂರನೇ ದಿನ ಮಧ್ಯಾಹ್ನ 5,500 ರೂಪಾಯಿಯ ಡೀಲಕ್ಸ್ ರೂಮಿಗೆ ಬಂದರೆ ಸಾಫ್ಟ್‌ವೇರ್ ಏನು ಮಾಡುತ್ತದೆ? ಅರ್ಧ ದಿನದ ಬಾಡಿಗೆ ಎಂದು 2,750 ಹಾಕಿದಾಗ ತೆರಿಗೆ ಬಿಟ್ಟುಬಿಡುತ್ತದೆಯೋ, ದಿನದ ದರವನ್ನೇ ನೋಡುತ್ತದೆಯೋ? ಆರುನೂರು ಸಾಲಿಗೂ ಹೀಗೆ ಬಿಡಿಸಿ ಬರೆಯಲು ಯಾರಿಂದಲೂ ಆಗದು. ಅದಕ್ಕೇ ತಿಳಿದವರು ಪತ್ರದಲ್ಲಿ ಎರಡು ಮೂರು ಸನ್ನಿವೇಶಗಳನ್ನು ಕತೆಯಂತೆ ಬರೆದು, ಡೆಮೊಗೆ ಬಂದಾಗ ಇವನ್ನೇ ಮಾಡಿ ತೋರಿಸಿ ಎನ್ನುತ್ತಾರೆ.

ಆಸ್ಪತ್ರೆಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಕತೆ ಡಿಸ್ಚಾರ್ಜಿನದು. ವಿಮೆ ಇರುವ ರೋಗಿಯೊಬ್ಬರು ಬೆಳಿಗ್ಗೆ ಒಂಬತ್ತಕ್ಕೆ ರೌಂಡ್ಸಿಗೆ ಬಂದ ಡಾಕ್ಟರಿಂದ ‘ಇವತ್ತು ಮನೆಗೆ ಹೋಗಬಹುದು’ ಎನ್ನಿಸಿಕೊಳ್ಳುತ್ತಾರೆ. ಆಮೇಲೆ ಏನೇನಾಗಬೇಕು ನೋಡಿ. ವಾರ್ಡಿನಲ್ಲಿ ಹತ್ತು ಮಾತ್ರೆಯ ಸ್ಟ್ರಿಪ್ ತರಿಸಿ ನಾಲ್ಕು ಕೊಟ್ಟಿದ್ದಾರೆ, ಆರು ಉಳಿದಿವೆ. ಸಿಸ್ಟರ್ ಅದನ್ನು ವಾಪಸ್ ಎಂದು ದಾಖಲಿಸಬೇಕು. ಫಾರ್ಮಸಿಯವರು ಕೈಯಲ್ಲಿ ಹಿಡಿದು ನೋಡಿ ಒಪ್ಪಿಕೊಳ್ಳಬೇಕು. ಆ ಆರು ಮಾತ್ರೆ ಯಾವ ಬ್ಯಾಚಿನಿಂದ ಹೋಗಿದ್ದವೋ ಅದೇ ಬ್ಯಾಚಿಗೆ, ಅದೇ ಅವಧಿ ಮುಗಿಯುವ ದಿನಾಂಕಕ್ಕೆ ಮರಳಬೇಕು. ರೋಗಿಯ ಬಿಲ್ಲಿನಿಂದ ಆರರ ಬೆಲೆ ಇಳಿಯಬೇಕು. ಔಷಧ ಷೆಡ್ಯೂಲ್ ಎಚ್1ರಲ್ಲಿ ಬರುವಂಥದ್ದಾದರೆ ವಿಷಯ ಇನ್ನೊಂದಿಷ್ಟು ಬಿಗಿ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ನಿಯಮದಂತೆ ಕೆಲವು ಪ್ರಬಲ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು ಮುಂತಾದವನ್ನು ಯಾರು ಬರೆದರು, ಯಾರಿಗೆ ಹೋಯಿತು, ಎಷ್ಟು ಹೋಯಿತು ಎಂದು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹತ್ತು ಹೋಗಿ ಆರು ಮರಳಿದರೆ ಆ ರಿಜಿಸ್ಟರಿನಲ್ಲಿ ಎಷ್ಟು ಕಾಣಬೇಕು?

ಇತ್ತ ಲ್ಯಾಬಿನಲ್ಲಿ ಬೆಳಿಗ್ಗೆ ಏಳಕ್ಕೆ ತೆಗೆದ ರಕ್ತದ ಪರೀಕ್ಷೆಯ ಶುಲ್ಕ ಇನ್ನೂ ಬಿಲ್ಲಿಗೆ ಏರಿರುವುದಿಲ್ಲ. ಅರಿವಳಿಕೆ ತಜ್ಞರ ಫೀಸು ಚೀಟಿಯಲ್ಲಿದೆ. ಡಿಸ್ಚಾರ್ಜ್ ಸಾರಾಂಶ ಜೂನಿಯರ್ ಡಾಕ್ಟರ ಕಂಪ್ಯೂಟರಿನಲ್ಲಿ ಅರ್ಧ ಟೈಪಾಗಿ ನಿಂತಿದೆ. ಇವಷ್ಟೂ ಮುಗಿದ ಮೇಲೆ ಟಿಪಿಎ ಡೆಸ್ಕಿನವರು ಅಂತಿಮ ಬಿಲ್ಲನ್ನು ವಿಮಾ ಕಂಪನಿಗೆ ಕಳಿಸುತ್ತಾರೆ. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ, ಆಸ್ಪತ್ರೆ ಡಿಸ್ಚಾರ್ಜ್ ಮಂಜೂರಾತಿ ಕೇಳಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಉತ್ತರಿಸಬೇಕು, ತಡವಾಗಿ ಆಸ್ಪತ್ರೆಯ ಖರ್ಚು ಹೆಚ್ಚಾದರೆ ಅದನ್ನು ತಾನೇ ಭರಿಸಬೇಕು. ಆ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆಯ ಕೋರಿಕೆ ತಲುಪಿದ ಮೇಲೆ. ಬಿಲ್ ಕಳಿಸಿದ ಅರ್ಧ ಗಂಟೆಗೆ ವಾರ್ಡಿನಿಂದ ‘ಇನ್ನೊಂದು ರಿಟರ್ನ್ ಇದೆ’ ಎಂದು ಫೋನ್ ಬಂದರೆ ಬಿಲ್ ತಿದ್ದಬೇಕು, ಮತ್ತೆ ಕಳಿಸಬೇಕು. ಬ್ಯಾಗು ಕಟ್ಟಿಕೊಂಡು ಮಂಚದ ಮೇಲೆ ಕೂತ ರೋಗಿ ಸಂಜೆಯವರೆಗೆ ಕೂತೇ ಇರುತ್ತಾರೆ, ಹೊಸ ರೋಗಿ ಕ್ಯಾಷುವಾಲಿಟಿಯಲ್ಲಿ ಹಾಸಿಗೆಗಾಗಿ ಕಾಯುತ್ತಾರೆ.

ಹಾಗಾಗಿ ನಮ್ಮ ಪತ್ರದಲ್ಲಿ ಈ ಮಾತು ಇರಬೇಕು: “ಡೆಮೊದಲ್ಲಿ ಮೇಲಿನ ಡಿಸ್ಚಾರ್ಜನ್ನು ಮೊದಲಿಂದ ಕೊನೆಯವರೆಗೆ ನಡೆಸಿ ತೋರಿಸಿ. ಸ್ಟ್ರಿಪ್ಪಿನ ಆರು ಮಾತ್ರೆ ವಾಪಸ್ ಮಾಡುವ ಭಾಗವನ್ನು ನಮ್ಮ ವಾರ್ಡ್ ಇನ್‌ಚಾರ್ಜ್ ಸಿಸ್ಟರೇ ನಿಮ್ಮ ಪರದೆಯ ಮೇಲೆ ಮಾಡಿ ನೋಡುತ್ತಾರೆ. ಇನ್ನೂ ಏರದ ಶುಲ್ಕಗಳು ಇವೆ ಎಂದು ಬಿಲ್ಲಿಂಗ್‌ನವರಿಗೆ ಬಿಲ್ ಮುಚ್ಚುವ ಮುಂಚೆಯೇ ಹೇಗೆ ಗೊತ್ತಾಗುತ್ತದೆ ಎಂದು ತೋರಿಸಿ.” ಡೆಮೊಗೆ ಬಂದವರು ‘ಮೇಡಂ, ಇದು ಬ್ಯಾಕೆಂಡ್‌ನಲ್ಲಿ ಆಗುತ್ತೆ, ಆಮೇಲೆ ತೋರಿಸ್ತೀವಿ’ ಎಂದರೆ ಹಾಳೆಯಲ್ಲಿ ಬರೆದ 1 ಅಲ್ಲೇ 5 ಆಗುತ್ತದೆ.

ಎರಡನೆಯ ಕತೆ ದುಡ್ಡಿನದು. ಅದನ್ನು ಬರೆಯಲು ಆಡಳಿತದವರಿಗೆ ಮುಜುಗರ, ಬರೆಯದಿದ್ದರೆ ಮುಂದೆ ಜಗಳ. ಹೊರಗಿನಿಂದ ಬರುವ ಕನ್ಸಲ್ಟೆಂಟರಿಗೆ ಬಿಲ್ಲಿನಲ್ಲಿ ಪಾಲು ಇರುತ್ತದೆ. 60,000 ರೂಪಾಯಿಯ ಶಸ್ತ್ರಚಿಕಿತ್ಸೆಯ ಪ್ಯಾಕೇಜಿನಲ್ಲಿ ಸರ್ಜನ್ ಪಾಲು ಶೇ. 25 ಎಂದಾದರೆ 15,000. ರೋಗಿಯ ಕಷ್ಟ ನೋಡಿ ಟ್ರಸ್ಟಿಯೊಬ್ಬರು 6,000 ರಿಯಾಯಿತಿ ಬರೆದುಕೊಟ್ಟರು. ಈಗ ಸರ್ಜನ್ ಪಾಲು 15,000ವೋ, ಉಳಿದ 54,000ಕ್ಕೆ ಲೆಕ್ಕ ಹಾಕಿ 13,500ವೋ? ರಿಯಾಯಿತಿ ಕೊಡಿಸಿದ್ದು ಸರ್ಜನ್ನರೇ ಆಗಿದ್ದರೆ ಪೂರ್ತಿ 6,000 ಅವರ ಪಾಲಿನಿಂದಲೇ ಹೋಗಬೇಕೋ? ವಿಮಾ ಕಂಪನಿ ಮೂರು ತಿಂಗಳ ನಂತರ 4,000 ಕಡಿತ ಮಾಡಿ ಹಣ ಕಳಿಸಿದರೆ, ಆಗಲೇ ಕೊಟ್ಟುಬಿಟ್ಟ ಪಾಲಿನಿಂದ ಅದನ್ನು ಹಿಡಿಯುವುದು ಹೇಗೆ, ಟಿಡಿಎಸ್ ಯಾವ ಮೊತ್ತಕ್ಕೆ? ಇಂಥ ಪ್ರಶ್ನೆಗಳಿಗೆ ಪ್ರತಿ ಆಸ್ಪತ್ರೆಯಲ್ಲೂ ಒಂದೊಂದು ಪದ್ಧತಿ ಇದೆ. ಬಹಳ ಕಡೆ ಅದು ಇರುವುದು ಅಕೌಂಟ್ಸಿನ ಹಿರಿಯ ಗುಮಾಸ್ತರ ತಲೆಯಲ್ಲಿ ಮಾತ್ರ.

ಪಟ್ಟಿಯಲ್ಲಿ ‘ವೈದ್ಯರ ಪಾಲಿನ ಲೆಕ್ಕಾಚಾರ’ ಎಂದು ಒಂದೇ ಸಾಲು ಇದ್ದರೆ ಎಲ್ಲರೂ 1 ಎಂದು ತುಂಬುತ್ತಾರೆ, ಪಾಪ ಅದು ನಿಜವೂ ಹೌದು. ಶೇಕಡಾವಾರು ಲೆಕ್ಕ ಎಲ್ಲರಲ್ಲೂ ಇರುತ್ತದೆ. ಪತ್ರದಲ್ಲಿ ಮೇಲಿನ ಉದಾಹರಣೆಯನ್ನು ಅಂಕಿಗಳ ಸಮೇತ ಕೊಟ್ಟು, ನಮ್ಮ ಪದ್ಧತಿಯಲ್ಲಿ ಬರಬೇಕಾದ ಉತ್ತರ ಇದು ಎಂದು ಬರೆದಾಗ ಅರ್ಧ ಜನ 3ಕ್ಕೆ ಬರುತ್ತಾರೆ. ಆಸ್ಪತ್ರೆಗೂ ಇದರಿಂದ ಒಂದು ಅನುಕೂಲ. ಉತ್ತರ ಬರೆಯಲು ಕೂತಾಗ ತಮ್ಮಲ್ಲೇ ಎರಡು ಪದ್ಧತಿ ಇರುವುದು ಬಯಲಾಗುತ್ತದೆ. ಅದನ್ನು ಟ್ರಸ್ಟಿನವರು ಕಂಪನಿ ಬರುವ ಮುಂಚೆ ತೀರ್ಮಾನಿಸಿಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಕಂಪನಿಯ ಪ್ರೋಗ್ರಾಮರ್ ತನಗೆ ತೋಚಿದಂತೆ ತೀರ್ಮಾನಿಸುತ್ತಾನೆ, ತಿಂಗಳ ಕೊನೆಗೆ ಸರ್ಜನ್ನರ ಫೋನು ಆಡಳಿತಾಧಿಕಾರಿಗೆ ಬರುತ್ತದೆ.

ಏನು ಬೇಕು ಎಂದು ಹೇಳಿದಷ್ಟೇ ಸ್ಪಷ್ಟವಾಗಿ ಏನು ಬೇಡ ಎಂದೂ ಪತ್ರ ಹೇಳಬೇಕು. ನಮ್ಮ ಆಸ್ಪತ್ರೆ ಲೆಕ್ಕಪತ್ರಕ್ಕೆ ಟ್ಯಾಲಿಯನ್ನೇ ಉಳಿಸಿಕೊಳ್ಳುತ್ತದೆಯೇ? ಹೌದಾದರೆ ದಿನದ ವಹಿವಾಟು ಅಲ್ಲಿಗೆ ಹೋಗುವ ಸೇತುವೆ ಯಾರ ಹೊಣೆ? ಎಕ್ಸ್-ರೇ, ಸ್ಕ್ಯಾನ್ ಚಿತ್ರಗಳನ್ನಿಡುವ ವ್ಯವಸ್ಥೆ ಬೇರೆಯವರದು ಈಗಾಗಲೇ ಇದ್ದರೆ ಅದನ್ನು ಹೇಳಬೇಕು. ಲ್ಯಾಬ್ ಯಂತ್ರಗಳನ್ನು ಜೋಡಿಸಲು ಯಂತ್ರಕ್ಕಿಷ್ಟು ಎಂದು ಹಣ ಕೇಳುವುದು ರೂಢಿ. ಯಂತ್ರಗಳ ಮಾಡೆಲ್ ಸಮೇತ ಪಟ್ಟಿ ಕೊಟ್ಟು, ಫಲಿತಾಂಶ ಯಂತ್ರದಿಂದ ಬಂದರೆ ಸಾಕೋ, ಯಾವ ಪರೀಕ್ಷೆ ಮಾಡಬೇಕೆಂಬ ಆದೇಶವೂ ಯಂತ್ರಕ್ಕೆ ತಾನಾಗಿ ಹೋಗಬೇಕೋ ಎಂದು ಬರೆಯದಿದ್ದರೆ ಆ ಖರ್ಚು ಆಮೇಲೆ ಬಾಗಿಲು ತಟ್ಟುತ್ತದೆ.

ಇಲ್ಲೇ ಇನ್ನೊಂದು ಬಲೆಯ ಮಾತನ್ನೂ ಹೇಳಿಬಿಡುತ್ತೇನೆ. 2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಜತೆ ಜೋಡಣೆ ಇದೆಯೇ ಎಂದರೆ ಎಲ್ಲರೂ ಇದೆ ಎನ್ನುತ್ತಾರೆ. ಆ ಜೋಡಣೆಗೆ ಮೂರು ಮೆಟ್ಟಿಲು. ಮೊದಲನೆಯದರಲ್ಲಿ ರೋಗಿಯ 14 ಅಂಕಿಯ ಆಭಾ ಸಂಖ್ಯೆಯನ್ನು ಮಾಡಿಸಬಹುದು, ಪರಿಶೀಲಿಸಬಹುದು, ಅಷ್ಟೆ. ಎರಡನೆಯದರಲ್ಲಿ ಆಸ್ಪತ್ರೆ ತನ್ನ ದಾಖಲೆಗಳನ್ನು ರೋಗಿಯ ಒಪ್ಪಿಗೆಯಂತೆ ಹಂಚಬಹುದು. ಬೇರೆ ಆಸ್ಪತ್ರೆಯ ದಾಖಲೆಯನ್ನು ಇಲ್ಲಿ ತೆರೆದು ನೋಡಲು ಮೂರನೆಯದು ಮುಗಿದಿರಬೇಕು. ಪತ್ರ ಯಾವ ಮೆಟ್ಟಿಲು ಎಂದು ಕೇಳಬೇಕು.

ಹಳೆಯ ದತ್ತಾಂಶದ ವಿಷಯವೂ ಪತ್ರದ ಪಾಲಿನದೇ, ಪಟ್ಟಿಯಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಹಳೆ ಸಾಫ್ಟ್‌ವೇರಿನಲ್ಲಿ ಒಬ್ಬರೇ ರೋಗಿ ಲಕ್ಷ್ಮಮ್ಮ, ಲಕ್ಷ್ಮವ್ವ, ಲಕ್ಷ್ಮೀದೇವಿ ಎಂದು ಮೂರು ನಂಬರಿನಲ್ಲಿ ಕೂತಿರುತ್ತಾರೆ. ಒಂದೇ ಔಷಧ ನಾಲ್ಕು ಕಾಗುಣಿತದಲ್ಲಿರುತ್ತದೆ. ಇದನ್ನೆಲ್ಲ ಹಾಗೆಯೇ ಹೊಸ ಮನೆಗೆ ತರುವುದು ದಡ್ಡತನ, ಪೂರ್ತಿ ಶುಚಿ ಮಾಡಿಕೊಡಿ ಎಂದು ಕಂಪನಿಗೆ ಹೇಳುವುದು ಆಸೆಬುರುಕತನ. ಯಾವ ಲಕ್ಷ್ಮಮ್ಮ ಯಾರು ಎಂದು ಅವರಿಗೇನು ಗೊತ್ತು? ಕಳೆದ ಮೂರು ವರ್ಷದ ರೋಗಿಗಳ ವಿವರ ಮತ್ತು ಲ್ಯಾಬ್ ಫಲಿತಾಂಶ ಮಾತ್ರ ತರುತ್ತೇವೆ, ಶುಚಿ ಮಾಡುವುದು ನಮ್ಮ ಹೊಣೆ, ವರ್ಗಾಯಿಸುವುದು ನಿಮ್ಮ ಹೊಣೆ, ಹಳೆಯ ವ್ಯವಸ್ಥೆಯನ್ನು ಓದಲು ಮಾತ್ರ ಇಟ್ಟುಕೊಳ್ಳುತ್ತೇವೆ ಎಂದು ಗೆರೆ ಎಳೆದರೆ ಇಬ್ಬರಿಗೂ ಲೆಕ್ಕ ಸಿಗುತ್ತದೆ.

ಬೆಲೆಯ ಬಗ್ಗೆ ಪತ್ರದ ಕೆಲಸ ಒಂದೇ: ಎಲ್ಲರೂ ಒಂದೇ ನಮೂನೆಯಲ್ಲಿ, ಐದು ವರ್ಷಕ್ಕೆ, ತಾಂತ್ರಿಕ ಉತ್ತರದಿಂದ ಬೇರೆಯಾದ ಕಡತದಲ್ಲಿ ಕೊಡಬೇಕು. ಪರವಾನಗಿ, ಅಳವಡಿಕೆ, 3 ಎಂದು ಬರೆದ ಸಾಲುಗಳ ಖರ್ಚು, ತರಬೇತಿ, ಸರ್ವರ್ ಅಥವಾ ಕ್ಲೌಡ್ ಬಾಡಿಗೆ, ವಾರ್ಷಿಕ ನಿರ್ವಹಣೆ ಎಲ್ಲ ಬಿಡಿಬಿಡಿ. ನಿರ್ವಹಣೆ ಸಾಮಾನ್ಯವಾಗಿ ಪರವಾನಗಿ ಬೆಲೆಯ ಶೇ. 15ರಿಂದ 20 ಇರುತ್ತದೆ. 40 ಲಕ್ಷದ ಪರವಾನಗಿಗೆ ಶೇ. 20 ಎಂದರೆ ವರ್ಷಕ್ಕೆ 8 ಲಕ್ಷ, ಮೊದಲ ವರ್ಷ ಬಿಟ್ಟು ನಾಲ್ಕು ವರ್ಷಕ್ಕೆ 32 ಲಕ್ಷ. 45 ಲಕ್ಷ ಕೇಳಿ ಶೇ. 15 ಹಾಕಿದವರಿಗೆ ಅದೇ ನಾಲ್ಕು ವರ್ಷಕ್ಕೆ 27 ಲಕ್ಷ. ಐದು ವರ್ಷ ಕಳೆಯುವಾಗ ಇಬ್ಬರೂ 72 ಲಕ್ಷಕ್ಕೇ ಬಂದು ನಿಂತಿರುತ್ತಾರೆ, ಆರನೇ ವರ್ಷದಿಂದ ಎರಡನೆಯವರೇ ಅಗ್ಗ. ಮೊದಲ ಪುಟದ ಬೆಲೆ ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ.

ಉಳಿದವು ಶಿಸ್ತಿನ ಮಾತುಗಳು. ಪ್ರಶ್ನೆಗಳಿಗೆ ಒಬ್ಬರೇ ಸಂಪರ್ಕ ವ್ಯಕ್ತಿ, ಒಂದು ಕೊನೆಯ ದಿನಾಂಕ, ಒಬ್ಬರ ಪ್ರಶ್ನೆಗೆ ಕೊಟ್ಟ ಉತ್ತರ ಹೆಸರಿಲ್ಲದೆ ಎಲ್ಲರಿಗೂ. ಕಂಪನಿಯವರು ನೇರವಾಗಿ ಟ್ರಸ್ಟಿಗಳ ಮನೆಗೆ ಹೋಗುವಂತಿಲ್ಲ ಎಂದೂ ಬರೆದರೆ ತಪ್ಪಿಲ್ಲ. ಡೆಮೊಗೆ ರೋಗಿಗಳ ನಿಜವಾದ ದತ್ತಾಂಶ ಕೊಡುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದ ಮೇಲೆ ಹೊಣೆ ದತ್ತಾಂಶವನ್ನು ಸಂಗ್ರಹಿಸಿದ ಆಸ್ಪತ್ರೆಯದು, ಸೋರಿದ್ದು ಕಂಪನಿಯ ಲ್ಯಾಪ್‌ಟಾಪಿನಿಂದ ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ.

ಪತ್ರಕ್ಕೆ ಸಹಿ ಯಾರದು ಎಂಬುದನ್ನೂ ಕಂಪನಿಗಳು ನೋಡುತ್ತವೆ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರೊಬ್ಬರೇ ಸಹಿ ಮಾಡಿದ್ದರೆ, ನಾಳೆ ವೈದ್ಯರು ‘ನಮ್ಮನ್ನು ಕೇಳಿಯೇ ಇಲ್ಲ’ ಎನ್ನುವ ಆಸ್ಪತ್ರೆ ಇದು ಎಂದು ಅನುಭವಿಗಳು ಊಹಿಸಿಕೊಂಡು, ಆ ತಲೆನೋವಿನ ಬೆಲೆಯನ್ನೂ ದರದಲ್ಲಿ ಸೇರಿಸುತ್ತಾರೆ. ವೈದ್ಯಕೀಯ ಅಧೀಕ್ಷಕರು, ನರ್ಸಿಂಗ್ ಅಧೀಕ್ಷಕರು, ಅಕೌಂಟ್ಸ್ ಮುಖ್ಯಸ್ಥರು ಮೂವರ ಸಹಿಯೂ ಇರಲಿ. ಇಂಥ ಪತ್ರ ಹೋದ ಮೇಲೆ ಆರು ಕಂಪನಿಗಳಲ್ಲಿ ಒಂದೋ ಎರಡೋ ‘ಈ ಸಲ ನಾವು ಭಾಗವಹಿಸುತ್ತಿಲ್ಲ’ ಎಂದು ಮೇಲ್ ಕಳಿಸಬಹುದು. ಆಡಳಿತಾಧಿಕಾರಿಗಳು ಗಾಬರಿಯಾಗಿ ಫೋನ್ ಮಾಡಿ ಕರೆಯಲು ಹೋಗುವುದು ಬೇಡ. ಡಿಸ್ಚಾರ್ಜಿನ ಕತೆಯನ್ನು ಓದಿ, ತಮ್ಮ ಸಾಫ್ಟ್‌ವೇರಿನಲ್ಲಿ ಆ ಆರು ಮಾತ್ರೆ ವಾಪಸ್ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಾಗಿದೆ.